ಒಂದೇ ಹೊತ್ತಿಗೆ ಎರಡು ಪತ್ರಿಕೆ ಬೀಳದಂತೆ: ವೇಳಾಪಟ್ಟಿಯ ಹಿಂದಿರುವ ಬಣ್ಣಗಳ ಗಣಿತ

ಪರೀಕ್ಷಾ ವೇಳಾಪಟ್ಟಿಗೆ ನಿಯಮಗಳು ಹಲವಿದ್ದರೂ ಮೀರಲಾಗದ ನಿಯಮ ಒಂದೇ: ಯಾವ ವಿದ್ಯಾರ್ಥಿಗೂ ಒಂದೇ ಹೊತ್ತಿನಲ್ಲಿ ಎರಡು ಪತ್ರಿಕೆಗಳು ಬೀಳಕೂಡದು. ನೂರು ಮಂದಿ ಓದುವ ಕಾಲೇಜಿಗೂ ಲಕ್ಷಾಂತರ ಮಂದಿ ಬರೆಯುವ ಮಂಡಳಿಯ ಪರೀಕ್ಷೆಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಆದರೆ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ನಿರ್ಧರಿಸುವುದು ವಿದ್ಯಾರ್ಥಿಗಳ ಸಂಖ್ಯೆಯಲ್ಲ, ಯಾವ ವಿಷಯದ ಜೊತೆಗೆ ಯಾವ ವಿಷಯವನ್ನು ಯಾರಾದರೂ ಓದುತ್ತಿದ್ದಾರೆ ಎಂಬ ಒಂದೇ ಸಂಗತಿ. ಭೌತಶಾಸ್ತ್ರ ಮತ್ತು ಗಣಿತಗಳನ್ನು ಒಟ್ಟಿಗೆ ಓದುವವರು ಹತ್ತು ಸಾವಿರ ಮಂದಿ ಇದ್ದರೂ ಒಬ್ಬನೇ ಇದ್ದರೂ ಆ ಎರಡು ಪತ್ರಿಕೆಗಳನ್ನು ಒಂದೇ ಅವಧಿಯಲ್ಲಿ ಇಡುವಂತಿಲ್ಲ. ಈ ಒಂದು ಗುಣದಿಂದಾಗಿಯೇ ವೇಳಾಪಟ್ಟಿಯ ಸಮಸ್ಯೆಯು ಗ್ರಾಫ್ ಸಿದ್ಧಾಂತ ಎಂಬ ಗಣಿತದ ಶಾಖೆಯ ಒಂದು ಹಳೆಯ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಗಣಿತಜ್ಞರು ಇಲ್ಲಿ ಗ್ರಾಫ್ ಎಂದು ಕರೆಯುವುದು ಕೆಲವು ಬಿಂದುಗಳನ್ನೂ ಅವುಗಳಲ್ಲಿ ಕೆಲವು ಜೋಡಿಗಳನ್ನು ಸೇರಿಸುವ ಗೆರೆಗಳನ್ನೂ ಹೊಂದಿದ ಚಿತ್ರವನ್ನು. ಬಿಂದುಗಳು ಕಾಗದದ ಮೇಲೆ ಎಲ್ಲಿವೆ, ಗೆರೆಗಳು ನೇರವೋ ಡೊಂಕೋ ಎಂಬುದಕ್ಕೆ ಅದರಲ್ಲಿ ಅರ್ಥವಿಲ್ಲ, ಯಾವುದು ಯಾವುದಕ್ಕೆ ಸೇರಿದೆ ಎಂಬುದಕ್ಕಷ್ಟೇ ಅರ್ಥವಿದೆ. ಪ್ರತಿಯೊಂದು ವಿಷಯಕ್ಕೂ ಒಂದು ಬಿಂದುವನ್ನು ಇಟ್ಟು, ಒಬ್ಬ ವಿದ್ಯಾರ್ಥಿಯಾದರೂ ಎರಡನ್ನೂ ಓದುತ್ತಿರುವ ವಿಷಯಗಳ ನಡುವೆ ಒಂದು ಗೆರೆಯನ್ನು ಎಳೆದು, ಪರೀಕ್ಷಾ ಅವಧಿಗಳನ್ನು ಬಣ್ಣಗಳೆಂದು ಭಾವಿಸಿದರೆ, ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದಂತೆ ಎಲ್ಲ ಬಿಂದುಗಳಿಗೂ ಬಣ್ಣ ಹಚ್ಚುವುದೇ ವೇಳಾಪಟ್ಟಿ ಸಿದ್ಧಪಡಿಸುವ ಕೆಲಸವಾಗುತ್ತದೆ. ಹಾಗೆ ಹಚ್ಚಲು ಕನಿಷ್ಠ ಎಷ್ಟು ಬಣ್ಣಗಳು ಬೇಕೋ ಆ ಸಂಖ್ಯೆಯನ್ನು ಆ ಗ್ರಾಫಿನ ವರ್ಣಸಂಖ್ಯೆ ಎನ್ನುತ್ತಾರೆ, ಮತ್ತು ಅದು ಪರೀಕ್ಷೆಯನ್ನು ಮುಗಿಸಲು ಬೇಕಾದ ಕನಿಷ್ಠ ಅವಧಿಗಳ ಸಂಖ್ಯೆಯೂ ಹೌದು.

ಕರ್ನಾಟಕದ ಪದವಿಪೂರ್ವ ಶಿಕ್ಷಣದ ವಿಷಯ ಸಂಯೋಜನೆಗಳು ಈ ಚಿತ್ರವನ್ನು ಕೈಯಾರೆ ಬರೆದು ನೋಡಲು ಹೇಳಿ ಮಾಡಿಸಿದಂತಿವೆ, ಏಕೆಂದರೆ ಅಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳ ಜೊತೆಗೆ ನಾಲ್ಕು ವಿಷಯಗಳ ಒಂದು ಕಟ್ಟನ್ನೇ ಆರಿಸಿಕೊಳ್ಳುತ್ತಾನೆ. ಏಳು ಸಂಯೋಜನೆಗಳನ್ನು ನಡೆಸುವ ಒಂದು ಕಾಲೇಜನ್ನು ಊಹಿಸಿಕೊಳ್ಳಬಹುದು. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಎಲೆಕ್ಟ್ರಾನಿಕ್ಸನ್ನೋ ಸೇರಿಸುವ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರಗಳ ಜೊತೆಗೆ ಗಣಕವಿಜ್ಞಾನವನ್ನೋ ಸಂಖ್ಯಾಶಾಸ್ತ್ರವನ್ನೋ ಇತಿಹಾಸವನ್ನೋ ಸೇರಿಸುವ ಸಿಇಬಿಎ, ಎಸ್‌ಇಬಿಎ, ಎಚ್‌ಇಬಿಎ. ಕಲೆಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಎಚ್‌ಇಪಿಎಸ್. ಹೆಚ್ಚುಕಡಿಮೆ ಎಲ್ಲರೂ ಬರೆಯುವ ಇಂಗ್ಲಿಷ್ ಪತ್ರಿಕೆಯ ಬಿಂದುವಿಗೆ ಉಳಿದೆಲ್ಲ ಬಿಂದುಗಳಿಂದಲೂ ಗೆರೆ ಇರುವುದರಿಂದ ಅದಕ್ಕೆ ತನ್ನದೇ ಆದ ಒಂದು ಅವಧಿ ಬೇಕೇ ಬೇಕು, ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ; ಹಾಗಾಗಿ ಭಾಷೆಗಳನ್ನು ಬದಿಗಿಟ್ಟು ಐಚ್ಛಿಕ ವಿಷಯಗಳನ್ನಷ್ಟೇ ನೋಡಿದರೆ ಸಾಕು.

ಹಾಗೆ ನೋಡಿದಾಗ ಸಿಗುವುದು 13 ಬಿಂದುಗಳು. ಹದಿಮೂರು ವಿಷಯಗಳಿಂದ 78 ಜೋಡಿಗಳನ್ನು ಮಾಡಬಹುದು. ಅವುಗಳಲ್ಲಿ ಈ ಏಳು ಸಂಯೋಜನೆಗಳು ಗೆರೆ ಎಳೆಯಿಸುವುದು 29 ಜೋಡಿಗಳ ನಡುವೆ ಮಾತ್ರ. ಅತಿ ಹೆಚ್ಚು ಗೆರೆಗಳು ಬಂದು ಕೂಡುವುದು ಅರ್ಥಶಾಸ್ತ್ರದಲ್ಲಿ, ಏಳು. ವಿಜ್ಞಾನಕ್ಕೂ ವಾಣಿಜ್ಯಕ್ಕೂ ಸೇರಿದ ಗಣಕವಿಜ್ಞಾನದಲ್ಲಿ ಆರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮತ್ತು ಇತಿಹಾಸಗಳಲ್ಲಿ ತಲಾ ಐದು. ಉಳಿದ ಐದು ವಿಷಯಗಳಲ್ಲಿ ತಲಾ ಮೂರು. ಒಂದು ಬಿಂದುವಿಗೆ ಬಂದು ಸೇರುವ ಗೆರೆಗಳ ಈ ಎಣಿಕೆಯನ್ನು ಆ ಬಿಂದುವಿನ ಡಿಗ್ರಿ ಎನ್ನುತ್ತಾರೆ.

ನಾಲ್ಕಕ್ಕಿಂತ ಕಡಿಮೆ ಅವಧಿಗಳಲ್ಲಿ ಇಲ್ಲಿನ ಪರೀಕ್ಷೆ ಮುಗಿಯಲಾರದು ಎಂಬುದು ನೋಡಿದೊಡನೆಯೇ ಗೊತ್ತಾಗುತ್ತದೆ, ಏಕೆಂದರೆ ಪ್ರತಿಯೊಂದು ಸಂಯೋಜನೆಯ ನಾಲ್ಕು ವಿಷಯಗಳೂ ಪರಸ್ಪರ ಗೆರೆಗಳಿಂದ ಸೇರಿಕೊಂಡಿರುತ್ತವೆ. ಹೀಗೆ ಎಲ್ಲವೂ ಎಲ್ಲದಕ್ಕೂ ಸೇರಿಕೊಂಡ ಬಿಂದುಗಳ ಗುಂಪನ್ನು ಕ್ಲೀಕ್ ಎಂದು ಕರೆಯುತ್ತಾರೆ. ಗ್ರಾಫಿನಲ್ಲಿ ಎಷ್ಟು ಬಿಂದುಗಳ ಕ್ಲೀಕ್ ಕಾಣಿಸಿಕೊಂಡರೂ ಕನಿಷ್ಠ ಅಷ್ಟು ಬಣ್ಣಗಳು ಬೇಕಾಗುತ್ತವೆ. ಆದರೆ ನಾಲ್ಕೇ ಸಾಕೇ ಎಂಬ ಪ್ರಶ್ನೆ ಇದರಿಂದ ಇತ್ಯರ್ಥವಾಗುವುದಿಲ್ಲ, ಮತ್ತು ಕಷ್ಟ ಆರಂಭವಾಗುವುದೇ ಇಲ್ಲಿಂದ. ಹದಿಮೂರು ವಿಷಯಗಳನ್ನು ನಾಲ್ಕು ಅವಧಿಗಳಿಗೆ ಹಂಚುವ ಬಗೆಗಳು 6 ಕೋಟಿ 71 ಲಕ್ಷಕ್ಕೂ ಹೆಚ್ಚಿವೆ. ಕಂಪ್ಯೂಟರಿಗೆ ಅದು ದೊಡ್ಡ ಸಂಖ್ಯೆಯೇನಲ್ಲ, ಆದರೆ ನೂರಾರು ಪತ್ರಿಕೆಗಳಿರುವ ವಿಶ್ವವಿದ್ಯಾಲಯದಲ್ಲಿ ಈ ಎಣಿಕೆ ನೂರೈವತ್ತಕ್ಕೂ ಮೀರಿದ ಅಂಕಿಗಳ ಸಂಖ್ಯೆಯಾಗುವುದರಿಂದ ಎಲ್ಲವನ್ನೂ ಪರೀಕ್ಷಿಸುವ ದಾರಿ ಮುಚ್ಚಿಹೋಗುತ್ತದೆ. ರಿಚರ್ಡ್ ಕಾರ್ಪ್ 1972ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು ಒಂದಕ್ಕೊಂದು ಸಮನಾಗಿ ಕಠಿಣವಾದ 21 ಸಮಸ್ಯೆಗಳನ್ನು ಗುರುತಿಸಿತು, ಮತ್ತು ವರ್ಣಸಂಖ್ಯೆಯ ಪ್ರಶ್ನೆ ಅವುಗಳಲ್ಲಿ ಒಂದು. ಇವುಗಳಲ್ಲಿ ಯಾವೊಂದಕ್ಕೂ ಎಲ್ಲ ಸಂದರ್ಭಗಳಲ್ಲಿ ಬೇಗನೆ ನಿಖರ ಉತ್ತರ ಕೊಡುವ ವಿಧಾನ ಇಂದಿಗೂ ಸಿಕ್ಕಿಲ್ಲ. ಆದ್ದರಿಂದ ವೇಳಾಪಟ್ಟಿಯನ್ನು ಮಾಡುವವರು ಕನಿಷ್ಠವೇ ಸಿಗುತ್ತದೆಂಬ ಖಾತರಿಯನ್ನು ಬಿಟ್ಟುಕೊಟ್ಟು, ಸಾಮಾನ್ಯವಾಗಿ ಒಳ್ಳೆಯ ಫಲ ಕೊಡುವ ಸರಳ ಕ್ರಮಗಳನ್ನು ಹಿಡಿಯುತ್ತಾರೆ.

ಇವುಗಳಲ್ಲಿ ಅತ್ಯಂತ ಸರಳವಾದದ್ದು ಗ್ರೀಡಿ ಕ್ರಮ: ವಿಷಯಗಳನ್ನು ಒಂದು ಸಾಲಿನಲ್ಲಿಟ್ಟು, ಒಂದೊಂದನ್ನೇ ತೆಗೆದುಕೊಂಡು, ಅದಕ್ಕೆ ಗೆರೆಯಿಂದ ಸೇರಿದ ಯಾವ ವಿಷಯವೂ ಈಗಾಗಲೇ ಕುಳಿತಿರದ ಮೊದಲ ಅವಧಿಯನ್ನು ಕೊಡುವುದು ಮತ್ತು ಒಮ್ಮೆ ಕೊಟ್ಟದ್ದನ್ನು ಮತ್ತೆ ಬದಲಿಸದಿರುವುದು. ಈ ಕ್ರಮದಿಂದ ಘರ್ಷಣೆಯಿಲ್ಲದ ವೇಳಾಪಟ್ಟಿ ಖಂಡಿತ ಸಿಗುತ್ತದೆ, ಆದರೆ ಎಷ್ಟು ಅವಧಿಗಳಲ್ಲಿ ಎಂಬುದು ವಿಷಯಗಳನ್ನು ಯಾವ ಸಾಲಿನಲ್ಲಿ ನಿಲ್ಲಿಸಲಾಯಿತು ಎಂಬುದನ್ನು ಅವಲಂಬಿಸುತ್ತದೆ. ಕಚೇರಿಯ ಪಟ್ಟಿಗಳಲ್ಲಿ ಸಹಜವಾಗಿ ಸಿಗುವ ಅಕಾರಾದಿ ಕ್ರಮವನ್ನೇ ತೆಗೆದುಕೊಂಡರೆ ಮೊದಲು ಬರುವ ಅರ್ಥಶಾಸ್ತ್ರಕ್ಕೆ ಒಂದನೆಯ ಅವಧಿಯೂ ಅದರೊಡನೆ ಘರ್ಷಿಸುವ ಇತಿಹಾಸಕ್ಕೆ ಎರಡನೆಯದೂ ಸಿಗುತ್ತವೆ. ಎಲೆಕ್ಟ್ರಾನಿಕ್ಸ್‌ಗೆ ಅರ್ಥಶಾಸ್ತ್ರದೊಡನೆ ಗೆರೆ ಇಲ್ಲದಿರುವುದರಿಂದ ಅದು ಒಂದನೆಯ ಅವಧಿಯಲ್ಲಿ ಕೂರುತ್ತದೆ. ಗಣಕವಿಜ್ಞಾನಕ್ಕೆ ಅರ್ಥಶಾಸ್ತ್ರದೊಡನೆ ಗೆರೆ ಇರುವುದರಿಂದ ಅದು ಎರಡಕ್ಕೆ ಹೋಗುತ್ತದೆ. ಈ ಎರಡರೊಡನೆಯೂ ಘರ್ಷಿಸುವ ಗಣಿತಕ್ಕೆ ಮೂರು, ಗಣಿತದೊಡನೆ ಮಾತ್ರ ಎಚ್ಚರ ವಹಿಸಬೇಕಾದ ಜೀವಶಾಸ್ತ್ರಕ್ಕೆ ಮತ್ತೆ ಒಂದು, ಭೌತಶಾಸ್ತ್ರಕ್ಕೆ ನಾಲ್ಕು. ಅನಂತರ ರಸಾಯನಶಾಸ್ತ್ರದ ಸರದಿ ಬಂದಾಗ ಅದರ ನೆರೆಯ ವಿಷಯಗಳು ನಾಲ್ಕೂ ಅವಧಿಗಳನ್ನು ಆಕ್ರಮಿಸಿಕೊಂಡಿರುತ್ತವೆ, ಐದನೆಯ ಅವಧಿಯನ್ನು ತೆರೆಯದೆ ಗತಿಯಿಲ್ಲ. ಉಳಿದ ಐದು ವಿಷಯಗಳು ಹಳೆಯ ಅವಧಿಗಳಲ್ಲೇ ಸೇರಿಕೊಳ್ಳುವುದರಿಂದ ಕೊನೆಗೆ ರಸಾಯನಶಾಸ್ತ್ರವೊಂದಕ್ಕಾಗಿಯೇ ಒಂದು ಅವಧಿ ವ್ಯಯವಾಗುತ್ತದೆ.

ತಪ್ಪಿದ್ದು ಎಲ್ಲಿ ಎಂಬುದನ್ನು ಈ ಚಿಕ್ಕ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ಜೀವಶಾಸ್ತ್ರ, ಗಣಕವಿಜ್ಞಾನ, ಎಲೆಕ್ಟ್ರಾನಿಕ್ಸ್ ಮೂರೂ ಒಂದೇ ಜಾಗಕ್ಕೆ ಪರ್ಯಾಯವಾಗಿ ಬರುವ ವಿಷಯಗಳು, ಅವು ಒಂದೇ ಅವಧಿಯಲ್ಲಿ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳಿಗೆ ಮೂರು ಅವಧಿಗಳು ಉಳಿಯುತ್ತವೆ. ಆದರೆ ಮೂರೇ ಗೆರೆಗಳ ಎಲೆಕ್ಟ್ರಾನಿಕ್ಸನ್ನು ಅವಸರದಲ್ಲಿ ಮೊದಲೇ ಕೂರಿಸಿದ್ದರಿಂದ, ಅರ್ಥಶಾಸ್ತ್ರದ ಕಾರಣಕ್ಕೆ ಬೇರೆ ಕಡೆ ಹೋಗಲೇಬೇಕಾದ ಗಣಕವಿಜ್ಞಾನವು ಅದರಿಂದ ಬೇರ್ಪಟ್ಟಿತು. ಎಲ್ಲಿ ಬೇಕಾದರೂ ಹೊಂದಿಕೊಳ್ಳಬಲ್ಲ ವಿಷಯಕ್ಕೆ ಮೊದಲು ಜಾಗ ಕೊಟ್ಟು, ಹೊಂದಿಕೊಳ್ಳಲು ಕಷ್ಟವಾದದ್ದನ್ನು ಕೊನೆಗೆ ಉಳಿಸಿಕೊಂಡದ್ದರ ಬೆಲೆ ಅದು.

ಆಕ್ಸ್‌ಫರ್ಡ್‌ನ ಡಿ. ಜೆ. ಎ. ವೆಲ್ಷ್ ಮತ್ತು ಎಂ. ಬಿ. ಪವೆಲ್ 1967ರಲ್ಲಿ ಪ್ರಕಟಿಸಿದ, ಶೀರ್ಷಿಕೆಯಲ್ಲಿಯೇ ವೇಳಾಪಟ್ಟಿಯ ಹೆಸರಿರುವ ಕಿರು ಪ್ರಬಂಧವು ಈ ದೋಷವನ್ನು ತಿದ್ದುವ ದಾರಿಯನ್ನು ಹೇಳುತ್ತದೆ: ಹೆಚ್ಚು ಡಿಗ್ರಿಯ ವಿಷಯಗಳು ಮೊದಲು, ಕಡಿಮೆಯವು ಆಮೇಲೆ. ಅದರಂತೆ ಅರ್ಥಶಾಸ್ತ್ರದಿಂದ ಆರಂಭಿಸಿ ಒಂದನೆಯ ಅವಧಿಯಲ್ಲಿ ಅದರೊಡನೆ ಕೂರಬಲ್ಲವರನ್ನು ಹುಡುಕಿದರೆ ಭೌತಶಾಸ್ತ್ರ ಸಿಗುತ್ತದೆ, ಬೇರೆ ಯಾವುದೂ ಸೇರುವುದಿಲ್ಲ. ಎರಡನೆಯ ಅವಧಿಯನ್ನು ಗಣಕವಿಜ್ಞಾನದಿಂದ ತೆರೆದರೆ ಇತಿಹಾಸ, ಸಂಖ್ಯಾಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್ ನಾಲ್ಕೂ ಅದರ ಜೊತೆ ಸೇರಿಕೊಳ್ಳುತ್ತವೆ. ಮೂರನೆಯದರಲ್ಲಿ ರಸಾಯನಶಾಸ್ತ್ರ, ವ್ಯವಹಾರ ಅಧ್ಯಯನ, ರಾಜ್ಯಶಾಸ್ತ್ರ. ನಾಲ್ಕನೆಯದರಲ್ಲಿ ಗಣಿತ, ಲೆಕ್ಕಶಾಸ್ತ್ರ, ಸಮಾಜಶಾಸ್ತ್ರ. ಅಲ್ಲಿಗೆ ಎಲ್ಲವೂ ಮುಗಿಯಿತು, ಮತ್ತು ನಾಲ್ಕು ವಿಷಯಗಳ ಕ್ಲೀಕ್ ಇರುವುದರಿಂದ ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂಬ ಖಾತರಿಯೂ ಜೊತೆಗೇ ಸಿಕ್ಕಿತು.

ಈ ಕ್ರಮವು ಯಾವಾಗಲೂ ಕನಿಷ್ಠವನ್ನೇ ಕೊಡುತ್ತದೆಂದು ಆ ಇಬ್ಬರೂ ಹೇಳಲಿಲ್ಲ. ಅವರು ಕೊಟ್ಟದ್ದು ಇದಕ್ಕಿಂತ ಹೆಚ್ಚಾಗದು ಎಂಬ ಒಂದು ಮಿತಿಯನ್ನು. ಮೇಲಿನ ಸಾಲಿನಲ್ಲಿ ಆರನೆಯ ಸ್ಥಾನದಿಂದ ಮುಂದಿರುವ ಯಾವ ವಿಷಯಕ್ಕೂ ಐದಕ್ಕಿಂತ ಹೆಚ್ಚು ನೆರೆಯವಿಲ್ಲ, ಆದ್ದರಿಂದ ಅದಕ್ಕೆ ಆರರೊಳಗೆ ಒಂದು ಅವಧಿ ಸಿಕ್ಕೇ ಸಿಗುತ್ತದೆ; ಮೊದಲ ಐದು ವಿಷಯಗಳಿಗೆ ಐದಕ್ಕಿಂತ ಹೆಚ್ಚು ಅವಧಿಗಳು ಹೇಗೂ ಬೇಕಾಗುವುದಿಲ್ಲ; ಹಾಗಾಗಿ ಈ ಕಾಲೇಜಿಗೆ ಮಿತಿ ಆರು. ಸ್ವಿಟ್ಜರ್ಲೆಂಡಿನ ಡೇನಿಯಲ್ ಬ್ರೆಲಾಜ್ 1979ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಾಲನ್ನು ಮೊದಲೇ ನಿಗದಿಪಡಿಸದೆ ಪ್ರತಿ ಹಂತದಲ್ಲಿಯೂ ಯಾವ ವಿಷಯಕ್ಕೆ ಅತಿ ಹೆಚ್ಚು ಅವಧಿಗಳು ಈಗಾಗಲೇ ಮುಚ್ಚಿಹೋಗಿವೆಯೋ ಅದನ್ನೇ ಮುಂದಕ್ಕೆ ಕರೆಯುವ ಕ್ರಮವನ್ನು ಸೂಚಿಸಿದನು. ಡಿಸ್ಯಾಟರ್ ಎಂಬ ಹೆಸರಿನ ಈ ಕ್ರಮ ಇಂದಿಗೂ ಆರಂಭಿಕ ವೇಳಾಪಟ್ಟಿಯನ್ನು ಕಟ್ಟಲು ಬಳಕೆಯಲ್ಲಿದೆ, ಏಕೆಂದರೆ ಇಕ್ಕಟ್ಟು ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ಅದು ಬೆಳೆಯುತ್ತಿರುವಾಗಲೇ ಗಮನಿಸುತ್ತದೆ.

ಇಷ್ಟು ನಿಶ್ಚಿಂತವಾಗಿ ನಡೆದ ವೇಳಾಪಟ್ಟಿಯೊಳಗೆ ಹೊಸ ವಿದ್ಯಾರ್ಥಿಯೊಬ್ಬ ಬಂದರೆ ಏನಾಗುತ್ತದೆ ಎಂಬುದೇ ಈ ಗಣಿತದ ಅತ್ಯಂತ ಸ್ವಾರಸ್ಯಕರ ಭಾಗ. ಮುಂದೆ ಅರ್ಥಶಾಸ್ತ್ರವನ್ನು ಗಣಿತದ ಬಲದಿಂದ ಓದಬೇಕೆಂಬ ಉದ್ದೇಶದಿಂದ ಒಬ್ಬಾಕೆ ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳನ್ನು ಒಟ್ಟಿಗೆ ಓದಲು ಅನುಮತಿ ಪಡೆದಳೆಂದು ಭಾವಿಸಿದರೆ, ಚಿತ್ರಕ್ಕೆ ನಾಲ್ಕು ಹೊಸ ಗೆರೆಗಳು ಸೇರುತ್ತವೆ ಮತ್ತು ಅವುಗಳಲ್ಲಿ ಒಂದು ಈಗಿನ ವೇಳಾಪಟ್ಟಿಯನ್ನು ಮುರಿಯುತ್ತದೆ: ಭೌತಶಾಸ್ತ್ರ ಮತ್ತು ಅರ್ಥಶಾಸ್ತ್ರ ಎರಡೂ ಒಂದನೆಯ ಅವಧಿಯಲ್ಲಿವೆ. ಅರ್ಥಶಾಸ್ತ್ರವನ್ನು ಎರಡಕ್ಕೆ ಒಯ್ದರೆ ಗಣಕವಿಜ್ಞಾನ ಅಡ್ಡ ಬರುತ್ತದೆ, ಮೂರಕ್ಕೆ ಒಯ್ದರೆ ವ್ಯವಹಾರ ಅಧ್ಯಯನ, ನಾಲ್ಕಕ್ಕೆ ಒಯ್ದರೆ ಲೆಕ್ಕಶಾಸ್ತ್ರ. ಭೌತಶಾಸ್ತ್ರಕ್ಕೂ ಇದೇ ಗತಿ. ಒಂದೊಂದೇ ಪತ್ರಿಕೆಯನ್ನು ಸರಿಸಿ ನೋಡುವ ಗುಮಾಸ್ತನಿಗೆ ಇಲ್ಲಿ ಐದನೆಯ ಅವಧಿಯೇ ಗತಿ ಎಂದು ಅನ್ನಿಸುವುದು ಸಹಜ.

ಆದರೆ ಒಂದನೆಯ ಮತ್ತು ಮೂರನೆಯ ಅವಧಿಗಳನ್ನು ಮಾತ್ರ ಗಮನಕ್ಕೆ ತೆಗೆದುಕೊಂಡು, ಅರ್ಥಶಾಸ್ತ್ರದಿಂದ ಹೊರಟು ಆ ಎರಡು ಅವಧಿಗಳ ವಿಷಯಗಳ ನಡುವಿನ ಹಳೆಯ ಗೆರೆಗಳ ಮೇಲೆಯೇ ನಡೆಯುತ್ತ ಎಲ್ಲೆಲ್ಲಿಗೆ ತಲುಪಬಹುದೆಂದು ನೋಡಿದರೆ ಬೇರೆಯದೇ ದಾರಿ ತೆರೆದುಕೊಳ್ಳುತ್ತದೆ. ಅರ್ಥಶಾಸ್ತ್ರದಿಂದ ಮೂರನೆಯ ಅವಧಿಯ ವ್ಯವಹಾರ ಅಧ್ಯಯನಕ್ಕೂ ರಾಜ್ಯಶಾಸ್ತ್ರಕ್ಕೂ ಹೋಗಬಹುದು. ಅವೆರಡರಿಂದ ಒಂದನೆಯ ಅವಧಿಗೆ ಮರಳುವ ಗೆರೆ ಅರ್ಥಶಾಸ್ತ್ರವನ್ನು ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಮೂರು ವಿಷಯಗಳ ಈ ಸರಪಳಿಯಲ್ಲಿ ಅವಧಿಗಳನ್ನು ಅದಲುಬದಲು ಮಾಡಿ ಅರ್ಥಶಾಸ್ತ್ರವನ್ನು ಮೂರಕ್ಕೂ ವ್ಯವಹಾರ ಅಧ್ಯಯನ ಮತ್ತು ರಾಜ್ಯಶಾಸ್ತ್ರಗಳನ್ನು ಒಂದಕ್ಕೂ ಒಯ್ದರೆ ಹಳೆಯ ಯಾವ ಗೆರೆಯೂ ಮುರಿಯುವುದಿಲ್ಲ, ಹೊಸ ವಿದ್ಯಾರ್ಥಿನಿಯ ನಾಲ್ಕು ಪತ್ರಿಕೆಗಳೂ ನಾಲ್ಕು ಬೇರೆ ಬೇರೆ ಅವಧಿಗಳಿಗೆ ಬೀಳುತ್ತವೆ. ಸರಪಳಿಯು ಸುತ್ತಿ ಬಳಸಿ ಭೌತಶಾಸ್ತ್ರವನ್ನೇ ಮುಟ್ಟಿದ್ದರೆ ಮಾತ್ರ ಈ ಉಪಾಯ ಫಲಿಸುತ್ತಿರಲಿಲ್ಲ, ಏಕೆಂದರೆ ಆಗ ಎರಡೂ ವಿಷಯಗಳು ಒಟ್ಟಿಗೇ ಸ್ಥಳಾಂತರಗೊಂಡು ಘರ್ಷಣೆ ಹಾಗೆಯೇ ಉಳಿಯುತ್ತಿತ್ತು.

ಇದಕ್ಕೆ ಕೆಂಪೆ ಸರಪಳಿ ಎಂದು ಹೆಸರು, ಮತ್ತು ಈ ಹೆಸರಿನ ಹಿಂದೆ ಗಣಿತದ ಇತಿಹಾಸದ ಒಂದು ಮರೆಯಲಾಗದ ಪ್ರಸಂಗವಿದೆ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಇಂಗ್ಲೆಂಡಿನ ಕೌಂಟಿಗಳ ನಕ್ಷೆಗೆ ಬಣ್ಣ ಹಚ್ಚುವಾಗ, ಗಡಿಯನ್ನು ಹಂಚಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಬಾರದಿರಲು ನಾಲ್ಕು ಬಣ್ಣಗಳು ಎಂಥ ನಕ್ಷೆಗೂ ಸಾಕೇ ಎಂಬ ಪ್ರಶ್ನೆಯನ್ನು ಎತ್ತಿದನು. ಲಂಡನ್ನಿನ ವಕೀಲ ಆಲ್ಫ್ರೆಡ್ ಕೆಂಪೆ 1879ರಲ್ಲಿ ಈ ಅದಲುಬದಲಿನ ಉಪಾಯದಿಂದಲೇ ಸಾಕೆಂದು ಸಾಧಿಸಿದನೆಂದು ಎಲ್ಲರೂ ನಂಬಿದರು. ಹನ್ನೊಂದು ವರ್ಷಗಳ ಬಳಿಕ ಪರ್ಸಿ ಹೀವುಡ್, ಎರಡು ಸರಪಳಿಗಳನ್ನು ಒಟ್ಟಿಗೆ ಬದಲಿಸಿದಾಗ ಒಂದು ಇನ್ನೊಂದನ್ನು ಕೆಡಿಸಬಹುದೆಂದು ತೋರಿಸಿ ಆ ಸಾಧನೆಯನ್ನು ಉರುಳಿಸಿದನು. ಪ್ರಮೇಯ ಸಿದ್ಧವಾದದ್ದು 1976ರಲ್ಲಿ, ಕೆನೆತ್ ಆಪೆಲ್ ಮತ್ತು ವುಲ್ಫ್‌ಗಾಂಗ್ ಹಾಕೆನ್ ಕಂಪ್ಯೂಟರಿನ ನೆರವಿನಿಂದ ಅದನ್ನು ಸಾಧಿಸಿದಾಗ. ಕೆಂಪೆಯ ಸಾಧನೆ ಬಿದ್ದುಹೋದರೂ ಅವನ ಉಪಕರಣ ಬೀಳಲಿಲ್ಲ: ವೇಲ್ಸ್‌ನ ಸ್ವಾನ್ಸೀ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಥಾಂಪ್ಸನ್ ಮತ್ತು ಕ್ಯಾಥರಿನ್ ಡೌಸ್‌ಲ್ಯಾಂಡ್ 1990ರ ದಶಕದಲ್ಲಿ ಪರೀಕ್ಷಾ ವೇಳಾಪಟ್ಟಿಯ ಹುಡುಕಾಟದಲ್ಲಿ ಒಂದೊಂದೇ ಪತ್ರಿಕೆಯನ್ನು ಸರಿಸುವ ಬದಲು ಕೆಂಪೆ ಸರಪಳಿಗಳನ್ನು ಬದಲಿಸುವುದರಿಂದ ಆಗುವ ಲಾಭವನ್ನು ತೋರಿಸಿಕೊಟ್ಟರು. ಸೋತ ಸಾಧನೆಯೊಂದರ ತುಣುಕು ನೂರು ವರ್ಷಗಳ ನಂತರ ವಿದ್ಯಾರ್ಥಿಗಳ ಕೆಲಸಕ್ಕೆ ಬಂದದ್ದು ಗಣಿತವನ್ನು ಪ್ರೀತಿಸುವವರಿಗೆ ಸಂತೋಷ ಕೊಡುವ ಸಂಗತಿ.

ನಾಲ್ಕು ಬಣ್ಣಗಳ ಪ್ರಮೇಯವನ್ನು ಕೇಳಿದವರು ಯಾವ ಪರೀಕ್ಷೆಗೂ ನಾಲ್ಕು ಅವಧಿಗಳು ಸಾಕೆಂದು ತಿಳಿಯುವ ಅಪಾಯವಿದೆ. ಆ ಪ್ರಮೇಯ ಅನ್ವಯಿಸುವುದು ಗೆರೆಗಳು ಒಂದನ್ನೊಂದು ದಾಟದಂತೆ ಕಾಗದದ ಮೇಲೆ ಬರೆಯಬಹುದಾದ ಗ್ರಾಫ್‌ಗಳಿಗೆ ಮಾತ್ರ, ಮತ್ತು ನಕ್ಷೆಗಳಿಂದ ಹುಟ್ಟುವವು ಅಂಥವೇ. ವಿದ್ಯಾರ್ಥಿಗಳ ಆಯ್ಕೆಗಳಿಗೆ ಅಂಥ ಕಟ್ಟುಪಾಡಿಲ್ಲ. ಅದೇ ಕಾಲೇಜಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಗಣಿತವನ್ನು ಬಿಟ್ಟು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಗಣಕವಿಜ್ಞಾನಗಳನ್ನು ಆರಿಸಿಕೊಂಡನೆಂದು ಭಾವಿಸಿದರೆ ಇದು ಸ್ಪಷ್ಟವಾಗುತ್ತದೆ. ಅವನಿಂದ ಚಿತ್ರಕ್ಕೆ ಸೇರುವ ಹೊಸ ಗೆರೆ ಒಂದೇ ಒಂದು, ಜೀವಶಾಸ್ತ್ರ ಮತ್ತು ಗಣಕವಿಜ್ಞಾನಗಳ ನಡುವಿನದು. ಆದರೆ ಗಣಿತಕ್ಕೂ ಜೀವಶಾಸ್ತ್ರಕ್ಕೂ ಪಿಸಿಎಂಬಿಯವರಿಂದ, ಗಣಿತಕ್ಕೂ ಗಣಕವಿಜ್ಞಾನಕ್ಕೂ ಪಿಸಿಎಂಸಿಯವರಿಂದ ಗೆರೆಗಳು ಮೊದಲೇ ಇರುವುದರಿಂದ, ಈ ಒಂದು ಗೆರೆ ಬಿದ್ದೊಡನೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಗಣಕವಿಜ್ಞಾನ ಐದೂ ಸೇರಿ ಒಂದು ಕ್ಲೀಕ್ ಆಗುತ್ತವೆ. ಐದು ಐಚ್ಛಿಕ ವಿಷಯಗಳನ್ನು ಓದುವ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಒಬ್ಬನೂ ಇಲ್ಲ, ಆದರೂ ಪರೀಕ್ಷೆಗೆ ಐದು ಅವಧಿಗಳು ಅನಿವಾರ್ಯವಾಗುತ್ತವೆ; ಯಾವ ಸರಪಳಿಯನ್ನು ಬದಲಿಸಿದರೂ ಇದನ್ನು ತಪ್ಪಿಸಲಾಗದು. ಹಿಂದಿನ ವಿದ್ಯಾರ್ಥಿನಿ ನಾಲ್ಕು ಗೆರೆಗಳನ್ನು ತಂದು ಒಂದು ಅವಧಿಯನ್ನೂ ಕೇಳಲಿಲ್ಲ, ಇವನು ಒಂದೇ ಗೆರೆಯನ್ನು ತಂದು ಇಡೀ ಕಾಲೇಜಿನ ಪರೀಕ್ಷೆಯನ್ನು ಒಂದು ಅವಧಿ ಮುಂದಕ್ಕೆ ತಳ್ಳಿದನು, ಮತ್ತು ಇಬ್ಬರ ನಡುವಿನ ಈ ವ್ಯತ್ಯಾಸ ಅರ್ಜಿಗಳನ್ನು ಎಷ್ಟು ಓದಿದರೂ ಕಾಣುವುದಿಲ್ಲ, ಗ್ರಾಫನ್ನು ಬರೆದಾಗ ಮಾತ್ರ ಕಾಣುತ್ತದೆ.

ಇಂಥ ಸಂದರ್ಭದಲ್ಲಿ ಹಲವು ಸಂಸ್ಥೆಗಳು ಗೆರೆಯನ್ನು ಒಪ್ಪಿಕೊಂಡೇ ಪಕ್ಕಕ್ಕೆ ಇಡುವುದುಂಟು. ಗೆರೆಯೊಂದಕ್ಕೆ ಎಷ್ಟು ವಿದ್ಯಾರ್ಥಿಗಳು ಕಾರಣ ಎಂಬುದನ್ನು ಅದರ ತೂಕವೆಂದು ಬರೆದಿಟ್ಟುಕೊಂಡರೆ, ತೂಕ ಒಂದಿರುವ ಗೆರೆಯನ್ನು ಅಳಿಸಿ, ಆ ಒಬ್ಬನಿಗೆ ಮಾತ್ರ ಒಂದು ಪತ್ರಿಕೆಯ ನಂತರ ಇನ್ನೊಂದನ್ನು ಬರೆಯಲು ಅವಕಾಶ ಕೊಟ್ಟು, ನಡುವಿನ ಹೊತ್ತಿನಲ್ಲಿ ಅವನು ಯಾರೊಡನೆಯೂ ಮಾತನಾಡದಂತೆ ಮೇಲ್ವಿಚಾರಕರೊಬ್ಬರ ಕಣ್ಣೆದುರಿನಲ್ಲಿ ಕೂರಿಸುವುದು ಸಾಧ್ಯ. ಇದು ಅವನಿಗೆ ದೀರ್ಘವಾದ, ದಣಿವಿನ ದಿನ. ಆ ದಣಿವನ್ನು ಅವನೊಬ್ಬನೇ ಹೊರಬೇಕೋ ಎಲ್ಲರೂ ಇನ್ನೊಂದು ದಿನ ಬರಬೇಕೋ ಎಂಬುದು ಗ್ರಾಫ್ ಉತ್ತರಿಸುವ ಪ್ರಶ್ನೆಯಲ್ಲ.

ಕನಿಷ್ಠ ಅವಧಿಗಳನ್ನು ಹುಡುಕುವುದಕ್ಕೆ ಇಷ್ಟು ಶ್ರಮಪಟ್ಟ ಮೇಲೆ, ಆ ಕನಿಷ್ಠವೇ ಒಳ್ಳೆಯ ವೇಳಾಪಟ್ಟಿಯೇ ಎಂದು ಕೇಳಿದರೆ ಅಲ್ಲ ಎನ್ನಬೇಕಾಗುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ನಾಲ್ಕು ಪತ್ರಿಕೆಗಳಿದ್ದು ಅವಧಿಗಳೂ ನಾಲ್ಕೇ ಇದ್ದರೆ, ಪ್ರತಿ ಅವಧಿಯಲ್ಲಿಯೂ ಇಡೀ ಕಾಲೇಜು ಒಟ್ಟಿಗೆ ಪರೀಕ್ಷೆಗೆ ಕೂರಬೇಕಾಗುತ್ತದೆ. ಕಾಲೇಜಿನಲ್ಲಿ 600 ಮಂದಿ ಇದ್ದು ಕೊಠಡಿಗಳಲ್ಲಿ 400 ಆಸನಗಳಷ್ಟೇ ಇದ್ದರೆ, ಒಟ್ಟು 2400 ಉತ್ತರಪತ್ರಿಕೆಗಳನ್ನು ಅವಧಿಗೆ 400ರಂತೆ ಹಂಚಿದಾಗ ಕನಿಷ್ಠ ಆರು ಅವಧಿಗಳು ಬೇಕು. ವರ್ಣಸಂಖ್ಯೆ ನಾಲ್ಕೋ ಐದೋ ಎಂಬುದು ಅಲ್ಲಿ ಗೌಣವಾಗಿಬಿಡುತ್ತದೆ. ಪದವಿಪೂರ್ವ ಮಂಡಳಿಯ ವೇಳಾಪಟ್ಟಿಗಳಲ್ಲಿ ಇತಿಹಾಸ ಮತ್ತು ಭೌತಶಾಸ್ತ್ರದಂಥ ಜೋಡಿಗಳು ಒಂದೇ ದಿನ ಬಂದಿರುವುದನ್ನು ಕಾಣಬಹುದು, ಬಣ್ಣ ಹಂಚಿಕೊಂಡ ಬಿಂದುಗಳೆಂದರೆ ಅವೇ. ಆದರೂ ಒಟ್ಟು ಪರೀಕ್ಷೆ ವಾರಗಟ್ಟಲೆ ಹರಡಿಕೊಂಡಿರುತ್ತದೆ, ಏಕೆಂದರೆ ಅಲ್ಲಿ ಉಳಿಸಬೇಕಾದದ್ದು ದಿನಗಳನ್ನಲ್ಲ, ವಿದ್ಯಾರ್ಥಿಗೆ ಪತ್ರಿಕೆಗಳ ನಡುವೆ ಸಿಗುವ ಬಿಡುವನ್ನು.

ಈ ಬಿಡುವನ್ನು ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವ ಮಾನದಂಡ ಕೆನಡಾದಿಂದ ಬಂದದ್ದು. ಮೈಕೆಲ್ ಕಾರ್ಟರ್, ಗಿಲ್ಬರ್ಟ್ ಲಾಪೋರ್ಟ್ ಮತ್ತು ಸೌ ಯಾನ್ ಲೀ 1996ರಲ್ಲಿ ನೈಜ ಸಂಸ್ಥೆಗಳ 13 ದತ್ತಾಂಶಗಳನ್ನು ಎಲ್ಲರ ಮುಂದಿಟ್ಟು, ಒಬ್ಬ ವಿದ್ಯಾರ್ಥಿಯ ಎರಡು ಪತ್ರಿಕೆಗಳು ಪಕ್ಕಪಕ್ಕದ ಅವಧಿಗಳಲ್ಲಿ ಬಂದರೆ 16 ಅಂಕಗಳ ದಂಡ, ಒಂದು ಅವಧಿಯ ಬಿಡುವಿದ್ದರೆ 8, ಅನಂತರ ಕ್ರಮವಾಗಿ 4, 2, 1 ಎಂದು ಲೆಕ್ಕ ಹಾಕಿ ಎಲ್ಲರ ದಂಡವನ್ನೂ ಕೂಡಿಸಿ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿದರು. ನಮೂನೆಯ ಕಾಲೇಜಿಗೆ ಇದನ್ನು ಅನ್ವಯಿಸಿದರೆ, ನಾಲ್ಕು ಅವಧಿಗಳು ಒಂದರ ಹಿಂದೊಂದು ಬಂದಾಗ ಪ್ರತಿ ವಿದ್ಯಾರ್ಥಿಗೆ 68 ಅಂಕಗಳ ದಂಡ ಬೀಳುತ್ತದೆ. ಪ್ರತಿ ಪತ್ರಿಕೆಯ ನಡುವೆ ಒಂದು ಅವಧಿಯನ್ನು ಖಾಲಿ ಬಿಟ್ಟರೆ ಅದು 28ಕ್ಕೆ, ಎರಡನ್ನು ಬಿಟ್ಟರೆ 12ಕ್ಕೆ ಇಳಿಯುತ್ತದೆ. ಬಣ್ಣಗಳ ಹಂಚಿಕೆ ಮೂರೂ ಸಂದರ್ಭಗಳಲ್ಲಿ ಒಂದೇ. ಆ 13 ದತ್ತಾಂಶಗಳಲ್ಲಿ ಚಿಕ್ಕವುಗಳಲ್ಲಿ ಒಂದಾದ ಟೊರಾಂಟೊದ ಸೇಂಟ್ ಆಂಡ್ರ್ಯೂಸ್ ಶಾಲೆಯದ್ದರಲ್ಲಿಯೂ 611 ವಿದ್ಯಾರ್ಥಿಗಳು, 139 ಪತ್ರಿಕೆಗಳು ಮತ್ತು 13 ಅವಧಿಗಳಿವೆ, ಕೈಯಿಂದ ಬಿಡಿಸುವ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ದತ್ತಾಂಶಗಳ ಕಥೆಯಲ್ಲಿಯೂ ಒಂದು ಎಚ್ಚರಿಕೆಯ ಪ್ರಸಂಗವಿದೆ: ಕೆಲವಕ್ಕೆ ಒಂದೇ ಹೆಸರಿನಲ್ಲಿ ಎರಡು ಬೇರೆ ಆವೃತ್ತಿಗಳು ಹರಿದಾಡುತ್ತಿದ್ದವು, ಸಂಶೋಧಕರು ವರ್ಷಗಳ ಕಾಲ ತಮ್ಮ ಫಲಿತಾಂಶವನ್ನು ಬೇರೆಯದೇ ಸಮಸ್ಯೆಯ ಫಲಿತಾಂಶದೊಡನೆ ಹೋಲಿಸುತ್ತಿದ್ದರು, ಮತ್ತು 2009ರ ಒಂದು ವಿಸ್ತೃತ ಸಮೀಕ್ಷೆ ಇದನ್ನು ಬಿಡಿಸಿ ಹೇಳಬೇಕಾಯಿತು.

ನಿಜವಾದ ಪರೀಕ್ಷೆಗಳಲ್ಲಿಯೂ ವೇಳಾಪಟ್ಟಿ ಕೆಡುವುದು ಸಾಮಾನ್ಯವಾಗಿ ಬಣ್ಣ ಹಚ್ಚುವ ಹಂತದಲ್ಲಲ್ಲ, ಗೆರೆ ಎಳೆಯುವ ಹಂತದಲ್ಲಿ. ಹಿಂದಿನ ಸೆಮಿಸ್ಟರಿನ ಬಾಕಿ ಪತ್ರಿಕೆಯನ್ನು ಈ ಬಾರಿ ಬರೆಯುವವನು ಎರಡು ತರಗತಿಗಳ ಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಕಾಣಿಸಿಕೊಂಡು, ಎರಡನ್ನೂ ಒಂದೇ ನೋಂದಣಿ ಸಂಖ್ಯೆಯಡಿ ಕೂಡಿಸದಿದ್ದರೆ, ಅವನ ಗೆರೆ ಚಿತ್ರಕ್ಕೆ ಬರುವುದೇ ಇಲ್ಲ. ಹಳೆಯ ಮತ್ತು ಹೊಸ ಪಠ್ಯಕ್ರಮಗಳ ಎರಡು ಸಂಕೇತಗಳಿಗೆ ಒಂದೇ ಪ್ರಶ್ನೆಪತ್ರಿಕೆ ಇದ್ದರೆ ಅವೆರಡೂ ಒಂದೇ ಹೊತ್ತಿನಲ್ಲಿ ನಡೆಯಲೇಬೇಕು, ಆಗ ಎರಡು ಬಿಂದುಗಳನ್ನು ಒಂದಾಗಿ ಬೆಸೆದು ಎರಡರ ಗೆರೆಗಳನ್ನೂ ಆ ಒಂದಕ್ಕೆ ಕೊಡಬೇಕು. ಬೆಸೆಯಲು ಮರೆತರೆ ಪತ್ರಿಕೆ ಬಯಲಾಗುತ್ತದೆ, ಬೆಸೆದು ಗೆರೆಗಳನ್ನು ಮರೆತರೆ ಘರ್ಷಣೆ ಹುಟ್ಟುತ್ತದೆ. ಗ್ರಾಫನ್ನೇ ಮತ್ತೆ ನೋಡಿ ಇಂಥ ತಪ್ಪನ್ನು ಹಿಡಿಯಲಾಗದು, ಏಕೆಂದರೆ ಇಲ್ಲದ ಗೆರೆ ಅಲ್ಲಿ ಕಾಣುವುದಿಲ್ಲ. ಸಿದ್ಧವಾದ ವೇಳಾಪಟ್ಟಿಯನ್ನು ಶುಲ್ಕ ಕಟ್ಟಿದವರ ಮೂಲ ಪಟ್ಟಿಯೊಡನೆ ಇಟ್ಟು, ಪ್ರತಿ ನೋಂದಣಿ ಸಂಖ್ಯೆಗೂ ಅವನ ಪತ್ರಿಕೆಗಳ ಅವಧಿಗಳನ್ನು ಬರೆದು, ಒಂದೇ ಅವಧಿ ಎರಡು ಬಾರಿ ಬಂದಿದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಆ ಮೂಲ ಪಟ್ಟಿಯೇ ಅಪೂರ್ಣವಾಗಿದ್ದರೆ ಉಳಿಯುವ ದಾರಿ ತಾತ್ಕಾಲಿಕ ವೇಳಾಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವುದು, ಕರ್ನಾಟಕದ ಮಂಡಳಿಯ ಪರೀಕ್ಷೆಗಳಲ್ಲಿ ರೂಢಿಯಲ್ಲಿರುವಂತೆ. ದಿನಗಳ ಬಿಡುವು ಸಾಲದೆಂಬ ಆಕ್ಷೇಪಣೆಗೆ ಉತ್ತರ ಹೇಳಲು ಚರ್ಚೆ ಬೇಕಾಗಬಹುದು, ಆದರೆ ವಿದ್ಯಾರ್ಥಿಯೊಬ್ಬ ತನ್ನ ನೋಂದಣಿ ಸಂಖ್ಯೆಯನ್ನೂ ಒಂದೇ ಹೊತ್ತಿಗೆ ಬಿದ್ದ ಎರಡು ಪತ್ರಿಕೆಗಳ ಹೆಸರನ್ನೂ ಬರೆದು ಕಳಿಸಿದರೆ ಚಿತ್ರದಲ್ಲಿ ಬಿಟ್ಟುಹೋಗಿದ್ದ ಒಂದು ಗೆರೆ ಸಿಕ್ಕಿತು, ಅದನ್ನು ಎಳೆದು ಮೊದಲು ಸರಪಳಿಗಳನ್ನು ಹುಡುಕಬೇಕು, ಅವು ಫಲಿಸದಿದ್ದರೆ ಅನಂತರ ಹೊಸ ಅವಧಿಯ ಮಾತು.